ಸಂದರ್ಶನದ ನಂತರದ ಧನ್ಯವಾದದ ಮೇಲ್: ಬೇಡಿಕೊಳ್ಳದೆ, ಹೇಳಿದ್ದನ್ನೇ ಹೇಳದೆ ಬರೆಯುವುದು ಹೇಗೆ?

ಸಂದರ್ಶನ ಮುಗಿಸಿ ಬಂದವರು ಕಳಿಸುವ ಧನ್ಯವಾದದ ಮೇಲ್‌ಗಳು ಹೆಚ್ಚಾಗಿ ಎರಡು ರೀತಿಯಲ್ಲಿ ಕೆಡುತ್ತವೆ. ಕೆಲವು ರೆಸ್ಯೂಮೆಯಲ್ಲಿದ್ದುದನ್ನೇ, ಸಂದರ್ಶನದಲ್ಲಿ ಹೇಳಿದ್ದನ್ನೇ ಮತ್ತೆ ಒಪ್ಪಿಸುತ್ತವೆ. ಇನ್ನು ಕೆಲವು ಹೇಗಾದರೂ ಕೆಲಸ ಕೊಡಿ ಎನ್ನುವ ದನಿಗೆ ಇಳಿಯುತ್ತವೆ. ಎರಡಕ್ಕೂ ಕಾರಣ ಒಂದೇ: ಬರೆಯಲು ಕೂತಾಗ ಹೊಸದಾಗಿ ಹೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಖಾಲಿ ಜಾಗ ತುಂಬಿಸಲು ಒಂದೋ ಹಳೆಯ ಮಾತು ಬರುತ್ತದೆ, ಇಲ್ಲವೇ ಭಾವುಕತೆ ಬರುತ್ತದೆ.

ಹಾಗಾಗಿ ಇಲ್ಲಿ ಮೇಲ್‌ನ ಆರಂಭ, ಅಂತ್ಯಗಳಿಗಿಂತ ನಡುವಿನ ಪ್ಯಾರಾದ ಮೇಲೆ ಹೆಚ್ಚು ಗಮನ ಕೊಟ್ಟಿದ್ದೇವೆ. ಸಂದರ್ಶನದಲ್ಲಿ ಎದ್ದ ಯಾವುದಾದರೂ ಒಂದು ವಿಷಯವನ್ನು ಹಿಡಿದು, ಅಲ್ಲಿ ಬಾರದ ಒಂದು ಮಾತನ್ನು ಸೇರಿಸುವ ಐದಾರು ವಾಕ್ಯ ಅದು. ಅದು ಸರಿಯಾಗಿ ಬಂದರೆ ಉಳಿದದ್ದು ಹತ್ತು ನಿಮಿಷದ ಕೆಲಸ.

ಈ ಮೇಲ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಮೊದಲೇ ಗೊತ್ತಿದ್ದರೆ ಬರವಣಿಗೆಯ ದನಿ ಹದದಲ್ಲಿರುತ್ತದೆ. ಬೇಡ ಎಂದು ತೀರ್ಮಾನಿಸಿದವರ ಮನಸ್ಸನ್ನು ಅದು ಬದಲಿಸುವುದು ಅಪರೂಪ. ಇಬ್ಬರಲ್ಲಿ ಯಾರು ಎಂಬ ಗೊಂದಲ ಇದ್ದಾಗ, ಅಥವಾ ‘ಇವರಿಗೆ ನಮ್ಮ ಕೆಲಸ ಅರ್ಥವಾಗಿದೆಯೇ?’ ಎಂಬ ಸಣ್ಣ ಅನುಮಾನ ಉಳಿದಿದ್ದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಆ ಅನುಮಾನಕ್ಕೆ ಉತ್ತರ ಸಿಗುವುದು ನಿಮ್ಮ ಉತ್ಸಾಹದಿಂದಲ್ಲ, ಅವರ ಕೆಲಸದ ಬಗ್ಗೆ ನೀವು ಯೋಚಿಸಿದ್ದೀರಿ ಎಂಬುದಕ್ಕೆ ಅವರ ಕಣ್ಣೆದುರೇ ಇರುವ ಸಾಕ್ಷಿಯಿಂದ.

ಮೊದಲ ಹೆಜ್ಜೆ: ಹೊರಬಂದ ಅರ್ಧ ಗಂಟೆಯೊಳಗೆ ಟಿಪ್ಪಣಿ

ಒಳ್ಳೆಯ ಮೇಲ್‌ನ ಸರಕು ಸಂದರ್ಶನದ ಕೋಣೆಯಲ್ಲೇ ಇರುತ್ತದೆ, ಆದರೆ ಬೇಗ ಮರೆತುಹೋಗುತ್ತದೆ. ಸಂಜೆಯ ಹೊತ್ತಿಗೆ ನೆನಪಿರುವುದು ನೀವು ತಡವರಿಸಿದ ಒಂದೆರಡು ಉತ್ತರ ಮಾತ್ರ. ಅವರು ಹೇಳಿದ್ದು ಮಸುಕಾಗಿರುತ್ತದೆ. ಆದ್ದರಿಂದ ಹೊರಬಂದ ಕೂಡಲೇ ಎಲ್ಲಾದರೂ ಕೂತು ಫೋನಿನಲ್ಲೋ ಕಾಗದದಲ್ಲೋ ಇಷ್ಟನ್ನು ಬರೆದಿಡಿ.

- ಯಾರು ಯಾರಿದ್ದರು, ಅವರ ಹುದ್ದೆ ಏನು, ಹೆಸರಿನ ಅಕ್ಷರಗಳು ಹೇಗೆ.
- ಅವರು ತಮ್ಮ ಕೆಲಸದ ಯಾವ ತೊಂದರೆಯನ್ನು ಹೇಳಿಕೊಂಡರು. ಸಾಧ್ಯವಾದಷ್ಟೂ ಅವರದೇ ಪದಗಳಲ್ಲಿ.
- ಯಾವ ಪ್ರಶ್ನೆಯನ್ನು ಎರಡು ಸಲ, ಬೇರೆ ಬೇರೆ ರೀತಿಯಲ್ಲಿ ಕೇಳಿದರು.
- ಮಾತು ಅರ್ಧಕ್ಕೇ ನಿಂತ ವಿಷಯ ಯಾವುದು.
- ಮುಂದೇನು, ಯಾವಾಗ ತಿಳಿಸುತ್ತೇವೆ ಎಂದರು.

ಇದರಲ್ಲಿ ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಒಂದೇ ವಿಷಯವನ್ನು ಸುತ್ತಿ ಬಳಸಿ ಮತ್ತೆ ಕೇಳಿದರೆ, ಮೊದಲ ಉತ್ತರದಿಂದ ಅವರಿಗೆ ಸಮಾಧಾನವಾಗಿಲ್ಲ ಅಥವಾ ಆ ವಿಷಯ ಅವರಿಗೆ ಈಗ ತಲೆನೋವಾಗಿದೆ ಎಂದರ್ಥ. ಎರಡರಲ್ಲಿ ಯಾವುದೇ ಆದರೂ ನಿಮ್ಮ ನಡುವಿನ ಪ್ಯಾರಾಕ್ಕೆ ವಸ್ತು ಅಲ್ಲಿದೆ.

ಎರಡನೆಯ ಹೆಜ್ಜೆ: ಯಾವ ಒಂದು ವಿಷಯ?

ಟಿಪ್ಪಣಿಯಲ್ಲಿ ನಾಲ್ಕೈದು ವಿಷಯ ಸಿಕ್ಕರೂ ಮೇಲ್‌ಗೆ ಬೇಕಾಗುವುದು ಒಂದೇ. ಎರಡು ಸೇರಿಸಿದರೆ ಎರಡೂ ಪೇಲವವಾಗಿ, ಮೇಲ್ ವರದಿಯಂತಾಗುತ್ತದೆ. ಆರಿಸುವಾಗ ನೋಡಬೇಕಾದ್ದು ಮೂರು: ಅದು ಅವರು ಎತ್ತಿದ ವಿಷಯವಾಗಿರಬೇಕು, ನಿಮಗೆ ಅದರಲ್ಲಿ ನಿಜವಾದ ಅನುಭವವೋ ತಿಳಿವಳಿಕೆಯೋ ಇರಬೇಕು, ಮತ್ತು ಅದರ ಬಗ್ಗೆ ಸಂದರ್ಶನದಲ್ಲಿ ಹೇಳದೇ ಉಳಿದ ಮಾತು ಇರಬೇಕು.

ಸೇರಿಸುವ ಮಾತು ಹಲವು ಬಗೆಯದಾಗಿರಬಹುದು. ಅವರ ತೊಂದರೆಯನ್ನೇ ಹೋಲುವ ಒಂದು ಕೆಲಸವನ್ನು ನೀವು ಹಿಂದೆ ಮಾಡಿದ್ದು ಆಮೇಲೆ ನೆನಪಾಗಿರಬಹುದು. ಅವರು ಹೇಳಿದ್ದರ ಮೇಲೆ ಯೋಚಿಸಿದಾಗ ಒಂದು ಒಳ್ಳೆಯ ಪ್ರಶ್ನೆ ಹೊಳೆದಿರಬಹುದು. ಸಂದರ್ಶನದಲ್ಲಿ ಅರ್ಧ ಮಾತ್ರ ಹೇಳಿದ ಉತ್ತರಕ್ಕೆ ಉಳಿದರ್ಧ ಸೇರಿಸಬೇಕಿರಬಹುದು. ಹೊಸಬರಿಗೆ, ಅಂದರೆ ಹೇಳಿಕೊಳ್ಳಲು ಹೆಚ್ಚು ಅನುಭವ ಇಲ್ಲದವರಿಗೆ, ಪ್ರಶ್ನೆಯ ದಾರಿ ಚೆನ್ನಾಗಿ ಒಗ್ಗುತ್ತದೆ: ‘ನೀವು ಹೇಳಿದ ವಿಧಾನದಲ್ಲಿ ಇಂಥ ಸಂದರ್ಭ ಬಂದರೆ ಯಾರು ತೀರ್ಮಾನಿಸುತ್ತಾರೆ ಎಂಬುದು ಆಮೇಲೆ ಹೊಳೆಯಿತು, ಮತ್ತೆ ಮಾತಾಡುವ ಅವಕಾಶ ಬಂದರೆ ಕೇಳಬೇಕೆಂದಿದ್ದೇನೆ’ ಎಂಬಂತೆ. ಉತ್ತರ ಬರೆಯಿರಿ ಎಂಬ ಒತ್ತಾಯ ಅದರಲ್ಲಿಲ್ಲ, ಯೋಚನೆ ಮಾತ್ರ ಕಾಣುತ್ತದೆ.

ಇಲ್ಲಿ ಎರಡು ಗಡಿಗಳನ್ನು ದಾಟಬೇಡಿ. ಅವರ ಸಮಸ್ಯೆಯನ್ನು ನೀವು ಕೇಳಿದ್ದು ಹತ್ತು ನಿಮಿಷ, ಅವರು ಅದರ ಜೊತೆ ವರ್ಷಗಟ್ಟಲೆ ಏಗಿದ್ದಾರೆ. ‘ನೀವು ಹೀಗೆ ಮಾಡಬೇಕು’ ಎಂದು ಪರಿಹಾರ ಬರೆದರೆ ಓದುವವರಿಗೆ ಕಿರಿಕಿರಿಯಾಗುತ್ತದೆ. ನಿಮ್ಮ ಕಡೆ ಏನಾಯಿತು ಎಂದಷ್ಟೇ ಹೇಳಿ, ಅಲ್ಲಿ ಕಾರಣ ಬೇರೆ ಇರಬಹುದು ಎಂಬುದಕ್ಕೆ ಜಾಗ ಬಿಡಿ. ಇನ್ನೊಂದು, ಹಳೆಯ ಕಂಪನಿಯ ಒಳಗಿನ ಅಂಕಿಅಂಶ, ಗಿರಾಕಿಗಳ ಹೆಸರು ಬರೆಯಬೇಡಿ. ಇವತ್ತು ಅವರ ಗುಟ್ಟು ಹೇಳಿದವರು ನಾಳೆ ನಮ್ಮದನ್ನೂ ಹೇಳುತ್ತಾರೆ ಎಂದು ಓದುವವರಿಗೆ ಅನಿಸುವುದು ಸಹಜ. ಸಂದರ್ಶಕರು ನಂಬಿಕೆಯಿಂದ ಬಾಯಿಮಾತಿನಲ್ಲಿ ಹೇಳಿದ ಸೂಕ್ಷ್ಮ ಸಂಗತಿಯನ್ನೂ, ತಂಡದಲ್ಲಿ ಯಾರೋ ಬಿಟ್ಟುಹೋಗುತ್ತಿದ್ದಾರೆ ಎಂಬಂಥದ್ದನ್ನು, ಮೇಲ್‌ನಲ್ಲಿ ದಾಖಲಿಸಬಾರದು. ಆ ಮೇಲ್ ಬೇರೆಯವರಿಗೂ ಹೋಗಬಹುದು.

ಮೂರನೆಯ ಹೆಜ್ಜೆ: ಕರಡು, ಮತ್ತು ಅದನ್ನು ತಿದ್ದುವುದು

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಹುದ್ದೆ ಗೋದಾಮಿನ ದಾಸ್ತಾನು ಮೇಲ್ವಿಚಾರಕರದ್ದು. ಸಂದರ್ಶನ ನಡೆದದ್ದು ಬುಧವಾರ. ಅಭ್ಯರ್ಥಿ ತಮ್ಮ 6 ವರ್ಷದ ಅನುಭವ, ಸರಕನ್ನು ವರ್ಷಕ್ಕೊಮ್ಮೆ ಒಟ್ಟಿಗೆ ಎಣಿಸುವ ಬದಲು ದಿನವೂ ಸ್ವಲ್ಪ ಸ್ವಲ್ಪ ಎಣಿಸುವ ಪದ್ಧತಿ ಜಾರಿಗೆ ತಂದದ್ದು ಎಲ್ಲವನ್ನೂ ಹೇಳಿದ್ದಾರೆ. ಮಾತಿನ ನಡುವೆ ಸಂದರ್ಶಕಿ, ‘ತಿಂಗಳ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ, ಹೆಚ್ಚಿನದು ಗಿರಾಕಿಗಳಿಂದ ವಾಪಸ್ ಬಂದ ಸರಕಿನದೇ ರಗಳೆ’ ಎಂದಿದ್ದಾರೆ. ಅಷ್ಟರಲ್ಲಿ ಬೇರೆ ಪ್ರಶ್ನೆ ಬಂದು ಆ ಮಾತು ಅಲ್ಲೇ ನಿಂತಿದೆ.

ಕೈಗೆ ಮೊದಲು ಬರುವ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

> ಮಾನ್ಯರೇ,
> ಸಂದರ್ಶನಕ್ಕೆ ಅವಕಾಶ ನೀಡಿದ್ದಕ್ಕಾಗಿ ತಮಗೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಬಹುದಿನಗಳ ಕನಸು. ಸಂದರ್ಶನದಲ್ಲಿ ತಿಳಿಸಿದಂತೆ ನನಗೆ ದಾಸ್ತಾನು ನಿರ್ವಹಣೆಯಲ್ಲಿ 6 ವರ್ಷಗಳ ಅನುಭವವಿದೆ. ನಾನು ಕಷ್ಟಪಟ್ಟು ದುಡಿಯುವವನು, ಎಲ್ಲರೊಂದಿಗೂ ಹೊಂದಿಕೊಳ್ಳುತ್ತೇನೆ. ನನಗೊಂದು ಅವಕಾಶ ಕೊಟ್ಟರೆ ಖಂಡಿತ ನಿರಾಸೆ ಮಾಡುವುದಿಲ್ಲ. ತಮ್ಮ ಸಕಾರಾತ್ಮಕ ಉತ್ತರಕ್ಕಾಗಿ ಕಾತರದಿಂದ ಕಾಯುತ್ತಿರುತ್ತೇನೆ!!

ಇದನ್ನು ತಿದ್ದಲು ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಹಾಕಿಕೊಳ್ಳಿ. ಈ ವಾಕ್ಯವನ್ನು ಸಂದರ್ಶನಕ್ಕೆ ಹೋಗುವ ಮೊದಲೇ ಬರೆದಿಡಬಹುದಿತ್ತೇ? ಇದನ್ನು ಅಲ್ಲಿ ಆಗಲೇ ಹೇಳಿಯಾಗಿದೆಯೇ? ಯಾವುದಕ್ಕೆ ಹೌದು ಎಂದು ಬಂದರೂ ಆ ವಾಕ್ಯವನ್ನು ಹೊಡೆದುಹಾಕಿ. ಬಹುದಿನಗಳ ಕನಸು ಮೊದಲೇ ಬರೆಯಬಹುದಾದದ್ದು, ಕಂಪನಿಯ ಹೆಸರು ಬದಲಿಸಿದರೆ ಎಲ್ಲಿಗೂ ನಡೆಯುತ್ತದೆ. 6 ವರ್ಷದ ಅನುಭವ ಹೇಳಿಯಾಗಿದೆ, ಅರ್ಜಿಯಲ್ಲೂ ಇದೆ. ಕಷ್ಟಪಟ್ಟು ದುಡಿಯುವವನು ಎಂಬುದನ್ನು ಓದುವವರು ನಂಬಲು ಆಧಾರವೇ ಇಲ್ಲ. ಹೀಗೆ ಸೋಸಿದರೆ ಈ ಕರಡಿನಲ್ಲಿ ಉಳಿಯುವುದು ಧನ್ಯವಾದ ಒಂದೇ.

ಇನ್ನು ದನಿ. ‘ನನಗೊಂದು ಅವಕಾಶ ಕೊಟ್ಟರೆ’ ಎಂದಾಗ ಬರೆದವರು ತಮ್ಮ ಭಾರವನ್ನು ಓದುವವರ ಹೆಗಲಿಗೆ ದಾಟಿಸಿದಂತಾಗುತ್ತದೆ. ಮಾತು ಕೆಲಸದಿಂದ ಸರಿದು ದಯೆಯ ಕಡೆಗೆ ಹೋಗುತ್ತದೆ. ‘ಕಾತರ’, ‘ಸಕಾರಾತ್ಮಕ ಉತ್ತರ’ ಎಂಬ ಪದಗಳದ್ದೂ ಅದೇ ಕತೆ: ಇಲ್ಲ ಎನ್ನಬೇಕಾದವರಿಗೆ ಅವು ಮುಜುಗರ ತರುತ್ತವೆ. ಎರಡೆರಡು ಉದ್ಗಾರ ಚಿಹ್ನೆ, ಒಂದೇ ಮೇಲ್‌ನಲ್ಲಿ ಮೂರು ಸಲ ಧನ್ಯವಾದ, ‘ಪ್ರತಿಷ್ಠಿತ’ ಎಂಬ ಹೊಗಳಿಕೆ ಇವೂ ಸದ್ದಿಲ್ಲದೆ ಇದೇ ಪರಿಣಾಮ ಮಾಡುತ್ತವೆ. ಬೇರೆ ಕಡೆಯಿಂದ ಆಫರ್ ಇದೆ ಎಂದು ಈ ಮೇಲ್‌ನಲ್ಲಿ ತಿಳಿಸುವುದು ಬೇಡಿಕೊಳ್ಳುವುದರ ಇನ್ನೊಂದು ಮುಖ. ನಿಜವಾಗಿಯೂ ಗಡುವು ಇದ್ದರೆ ಅದನ್ನು ನೇಮಕಾತಿ ನೋಡಿಕೊಳ್ಳುವವರಿಗೆ ಬೇರೆಯಾಗಿ, ನೇರವಾಗಿ ಹೇಳಿ.

ಈಗ ಅರ್ಧಕ್ಕೆ ನಿಂತಿದ್ದ ವಾಪಸ್ ಸರಕಿನ ಮಾತನ್ನು ಹಿಡಿದು ಹೊಸದಾಗಿ ಬರೆದದ್ದು:

> ವಿಷಯ: ದಾಸ್ತಾನು ಮೇಲ್ವಿಚಾರಕರ ಹುದ್ದೆ – ಬುಧವಾರದ ಮಾತುಕತೆಗೆ ಧನ್ಯವಾದ
>
> ನಮಸ್ಕಾರ ಮೇಡಂ,
>
> ನಿನ್ನೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಸರಕು ಬಂದಿಳಿಯುವುದರಿಂದ ಹೊರಹೋಗುವವರೆಗಿನ ಕೆಲಸವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರಿಂದ, ಈ ಹುದ್ದೆಯಲ್ಲಿರುವವರ ದಿನ ಹೇಗಿರುತ್ತದೆ ಎಂಬುದು ಸ್ಪಷ್ಟವಾಯಿತು.
>
> ತಿಂಗಳ ಕೊನೆಯ ಎಣಿಕೆಯಲ್ಲಿ ವಾಪಸ್ ಬಂದ ಸರಕಿನದೇ ಹೆಚ್ಚು ತೊಡಕು ಎಂದಿರಿ. ಈಗ ನಾನಿರುವ ಕಡೆಯೂ ಹಾಗೇ ಆಗುತ್ತಿತ್ತು. ವಾಪಸ್ ಬಂದ ಪೆಟ್ಟಿಗೆಗಳು ತಪಾಸಣೆಗೆ ಮುಂಚೆಯೇ ಮಾಮೂಲಿ ರ‍್ಯಾಕ್‌ ಸೇರುತ್ತಿದ್ದವು, ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ ಜಮೆಯಾಗಿರುತ್ತಿರಲಿಲ್ಲ. ಅವಕ್ಕೆ ಬೇರೆ ಜಾಗ ಗುರುತಿಸಿ, ಆ ಜಾಗವನ್ನಷ್ಟೇ ದಿನವೂ ಸಂಜೆ ಎಣಿಸತೊಡಗಿದ ಮೇಲೆ ತಿಂಗಳ ಕೊನೆಯ ಹುಡುಕಾಟ ಬಹಳ ಕಡಿಮೆಯಾಯಿತು. ನಿಮ್ಮಲ್ಲಿ ಕಾರಣ ಬೇರೆಯೇ ಇರಬಹುದು. ಆದರೆ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿ ಸರಿಪಡಿಸುವ ಕೆಲಸ ನನಗೆ ಇಷ್ಟ, ಈ ಹುದ್ದೆಯಲ್ಲಿ ಅದೇ ಮುಖ್ಯ ಎಂದು ನಿನ್ನೆಯ ಮಾತಿನಿಂದ ಅರ್ಥವಾಯಿತು.
>
> ಮುಂದಿನ ಶುಕ್ರವಾರದೊಳಗೆ ತಿಳಿಸುವುದಾಗಿ ಹೇಳಿದ್ದೀರಿ. ಅಷ್ಟರಲ್ಲಿ ಬೇರೇನಾದರೂ ಮಾಹಿತಿ ಬೇಕಿದ್ದರೆ ದಯವಿಟ್ಟು ತಿಳಿಸಿ.
>
> ವಂದನೆಗಳೊಂದಿಗೆ,
> (ಹೆಸರು, ಫೋನ್ ಸಂಖ್ಯೆ)

ಇದರಲ್ಲಿ ಏನೇನಾಗಿದೆ ನೋಡಿ. ವಿಷಯದ ಸಾಲು ಬಿಟ್ಟರೆ ಧನ್ಯವಾದ ಒಂದೇ ಸಲ ಬಂದಿದೆ, ಅದೂ ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಎಂಬ ನಿರ್ದಿಷ್ಟ ಸಂಗತಿಗೆ ಕಟ್ಟಿಕೊಂಡು ಬಂದಿದೆ. ಅಲ್ಲಿ ಇಲ್ಲದವರು ಅದನ್ನು ಬರೆಯಲಾರರು. ನಡುವಿನ ಪ್ಯಾರಾ ಅವರ ಮಾತಿನಿಂದ ಶುರುವಾಗಿ, ಕಾರಣ, ಮಾಡಿದ್ದು, ಆದದ್ದು ಎಂದು ಸಾಗುತ್ತದೆ. ಶೇಕಡಾವಾರು ಲೆಕ್ಕ ಇಲ್ಲ, ಈಗಿರುವ ಕಂಪನಿಯ ಹೆಸರೂ ಇಲ್ಲ. ದಿನವೂ ಎಣಿಸುವ ಪದ್ಧತಿಯ ಬಗ್ಗೆ ಸಂದರ್ಶನದಲ್ಲಿ ಹೇಳಿದ್ದನ್ನು ಮತ್ತೆ ವಿವರಿಸದೆ, ಅಲ್ಲಿ ಬಾರದಿದ್ದ ಅದರ ಒಂದು ಬಳಕೆಯನ್ನು ಮಾತ್ರ ಹೇಳಲಾಗಿದೆ. ‘ನಾನು ಈ ಹುದ್ದೆಗೆ ತಕ್ಕವನು’ ಎಂಬ ವಾಕ್ಯ ಎಲ್ಲೂ ಇಲ್ಲ, ಆ ತೀರ್ಮಾನವನ್ನು ಓದುವವರಿಗೇ ಬಿಡಲಾಗಿದೆ. ಕೊನೆಯ ಪ್ಯಾರಾ ಅವರು ಕೊಟ್ಟ ದಿನವನ್ನು ನೆನಪಿಸುತ್ತದೆ, ಆದರೆ ಅವಸರ ಮಾಡುವುದಿಲ್ಲ.

ಅಳತೆಯನ್ನೂ ಗಮನಿಸಿ. ಕನ್ನಡದಲ್ಲಿ ಬರೆದರೆ 80ರಿಂದ 120 ಪದ ಸಾಕು. ಕನ್ನಡದ ಒಂದು ಪದ ಎಷ್ಟೋ ಸಲ ಇಂಗ್ಲಿಷಿನ ಎರಡು ಪದಗಳ ಕೆಲಸ ಮಾಡುವುದರಿಂದ, ಇಂಗ್ಲಿಷಿನಲ್ಲಾದರೆ 120ರಿಂದ 180 ಆಗುತ್ತದೆ. ಫೋನಿನಲ್ಲಿ ಎರಡು ಪರದೆ ಮೀರಿದರೆ ಉದ್ದವಾಯಿತು ಎಂದೇ ತಿಳಿಯಿರಿ. ಯಾವ ಭಾಷೆ ಎಂಬುದಕ್ಕೆ, ಸಂದರ್ಶನದ ದಿನ ಗೊತ್ತುಮಾಡಿದ ಮೇಲ್ ಯಾವ ಭಾಷೆಯಲ್ಲಿತ್ತೋ ಅದೇ.

ಸರಿಯಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ತಿದ್ದಬಹುದೇ?

ತಿದ್ದಬಹುದು, ಆದರೆ ಒಂದನ್ನು ಮಾತ್ರ, ಅದೂ ಎರಡು ಮೂರು ವಾಕ್ಯದಲ್ಲಿ. ತಪ್ಪು ಮಾಹಿತಿ ಕೊಟ್ಟಿದ್ದರೆ ಅಥವಾ ಗೊತ್ತಿದ್ದ ಮುಖ್ಯ ಅಂಶ ಬಿಟ್ಟುಹೋಗಿದ್ದರೆ ತಿದ್ದುವುದಕ್ಕೆ ಅರ್ಥವಿದೆ. ಉತ್ತರ ಇನ್ನೂ ಚೆನ್ನಾಗಿರಬಹುದಿತ್ತು ಎನ್ನುವುದಷ್ಟೇ ಆದರೆ ಬಿಟ್ಟುಬಿಡಿ. ನಿಮಗೆ ದೊಡ್ಡದಾಗಿ ಕಂಡ ತಡವರಿಕೆಯನ್ನು ಅವರು ಗಮನಿಸಿಯೇ ಇರಲಿಕ್ಕಿಲ್ಲ, ಮೇಲ್ ಅದನ್ನು ಎತ್ತಿ ತೋರಿಸಿದಂತಾಗುತ್ತದೆ.

ತಿದ್ದುವಾಗ ಕ್ಷಮೆ, ಗಾಬರಿಯಾಗಿತ್ತು ಎಂಬ ವಿವರಣೆ ಎರಡೂ ಬೇಡ. ‘ತುರ್ತು ಆರ್ಡರ್ ಬಂದಾಗ ಆದ್ಯತೆ ಹೇಗೆ ತೀರ್ಮಾನಿಸುತ್ತೀರಿ ಎಂದು ಕೇಳಿದಿರಿ. ನಾನು ಗಿರಾಕಿಯ ಗಡುವನ್ನು ಮಾತ್ರ ಹೇಳಿದೆ. ಕೈಯಲ್ಲಿರುವ ಸರಕಿನಿಂದ ಆರ್ಡರ್ ಪೂರ್ತಿಯಾಗುತ್ತದೆಯೇ ಎಂಬುದನ್ನೂ ಮೊದಲೇ ನೋಡುತ್ತೇನೆ, ಅರ್ಧ ಕಳಿಸಿದರೆ ಸಾಗಣೆ ಎರಡು ಸಲ ಆಗುತ್ತದೆ.’ ಇಷ್ಟು ಸಾಕು. ಹೀಗೆ ತಿದ್ದಿದರೆ ಅದೇ ನಿಮ್ಮ ನಡುವಿನ ಪ್ಯಾರಾ. ಇದರ ಜೊತೆಗೆ ಇನ್ನೊಂದು ವಿಷಯ ಸೇರಿಸಬೇಡಿ.

ಯಾವಾಗ, ಯಾರಿಗೆ

ಸಂದರ್ಶನ ಆದ 24 ಗಂಟೆಯೊಳಗೆ ಕಳಿಸಿ. ಅದೇ ದಿನ ಸಂಜೆ ಅಥವಾ ಮರುದಿನ ಬೆಳಗ್ಗೆ ಸರಿಯಾದ ಹೊತ್ತು. ಅನೇಕ ಕಡೆ ಸಂದರ್ಶಕರು ತಮ್ಮ ಅಭಿಪ್ರಾಯವನ್ನು ಒಂದೆರಡು ದಿನದಲ್ಲೇ ಬರೆದು ಕೊಟ್ಟುಬಿಡುತ್ತಾರೆ, ಮೂರನೆಯ ದಿನ ಬಂದ ಮೇಲ್ ಆ ವೇಳೆಗೆ ಬರೀ ಸೌಜನ್ಯವಾಗಿ ಉಳಿಯುತ್ತದೆ. ಹಾಗೆಂದು ಹೊರಬಂದ ಐದೇ ನಿಮಿಷಕ್ಕೆ ಕಳಿಸಿದರೆ ಮೊದಲೇ ಬರೆದಿಟ್ಟದ್ದು ಎಂದು ಅನಿಸುತ್ತದೆ, ಬಹಳ ಸಲ ಅದು ನಿಜವೂ ಆಗಿರುತ್ತದೆ. ಶುಕ್ರವಾರ ಮಧ್ಯಾಹ್ನ ಸಂದರ್ಶನವಾಗಿದ್ದರೆ ಅಂದೇ ಸಂಜೆ ಕಳಿಸುವುದು ಮೇಲು. ಸೋಮವಾರಕ್ಕೆ ಇಟ್ಟುಕೊಂಡರೆ ವಾರದ ಮೊದಲ ದಿನದ ಮೇಲ್‌ಗಳ ರಾಶಿಯಲ್ಲಿ ಅದು ಹೂತುಹೋಗುತ್ತದೆ.

ಒಬ್ಬರಿಗಿಂತ ಹೆಚ್ಚು ಜನ ಸಂದರ್ಶನ ಮಾಡಿದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಮೇಲ್ ಬೇಕು. ಎಲ್ಲರಿಗೂ ಒಂದೇ ಪ್ಯಾರಾ ಅಂಟಿಸಿದರೆ, ಅವರು ತಮ್ಮತಮ್ಮಲ್ಲಿ ಅದನ್ನು ಹಂಚಿಕೊಂಡ ಕ್ಷಣ ನಿಮ್ಮ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಎಲ್ಲರಿಗೂ ಬರೆಯುವಷ್ಟು ಸರಕು ಇಲ್ಲದಿದ್ದರೆ, ನೀವು ಯಾರ ಕೈಕೆಳಗೆ ಕೆಲಸ ಮಾಡಬೇಕೋ ಅವರಿಗೆ ಪೂರ್ತಿಯಾಗಿ ಬರೆದು, ‘ನಿನ್ನೆ ಜೊತೆಗಿದ್ದ ಉಳಿದವರಿಗೂ ನನ್ನ ಧನ್ಯವಾದ ತಿಳಿಸಿ’ ಎಂದು ಒಂದು ಸಾಲು ಸೇರಿಸುವುದು ಪ್ರಾಮಾಣಿಕ ದಾರಿ.

ಸಂದರ್ಶಕರ ಮೇಲ್ ವಿಳಾಸ ಗೊತ್ತಿಲ್ಲದಿದ್ದರೆ ನೇಮಕಾತಿ ವಿಭಾಗದವರಿಗೇ ಕಳಿಸಿ, ಇದನ್ನು ಅವರಿಗೆ ತಲುಪಿಸಬಹುದೇ ಎಂದು ಕೇಳಿ. ಹುಡುಕಾಡಿ ಅವರ ಖಾಸಗಿ ಫೋನ್ ನಂಬರ್ ಪತ್ತೆ ಮಾಡಿ ವಾಟ್ಸಾಪ್ ಮಾಡುವುದು ಬೇಡವೇ ಬೇಡ. ಅವರೇ ನಿಮ್ಮೊಂದಿಗೆ ವಾಟ್ಸಾಪಿನಲ್ಲಿ ಮಾತಾಡಿ ಸಮಯ ಗೊತ್ತುಮಾಡಿದ್ದರೆ ಮಾತ್ರ ಅಲ್ಲೇ ಚಿಕ್ಕದಾಗಿ ಬರೆಯಬಹುದು.

ಕೆಲವು ನೇಮಕಾತಿಗಳಲ್ಲಿ ಈ ಮೇಲ್ ಕಳಿಸಲೇಬಾರದು. ಸಾರ್ವಜನಿಕ ಸೇವೆಯ ನೇಮಕಾತಿಯಂತೆ ಮಂಡಳಿಯೊಂದು ಸಂದರ್ಶನಕ್ಕೆ ಅಂಕ ಕೊಟ್ಟು ಪಟ್ಟಿ ಪ್ರಕಟಿಸುವ ಕಡೆ, ಸದಸ್ಯರನ್ನು ನೇರವಾಗಿ ಸಂಪರ್ಕಿಸಿದರೆ ಪ್ರಭಾವ ಬೀರುವ ಯತ್ನ ಎಂದು ಪರಿಗಣಿಸುವ ಅಪಾಯವಿದೆ. ಅಧಿಸೂಚನೆಯ ಷರತ್ತುಗಳನ್ನು ಓದಿ, ಸುಮ್ಮನಿರಿ.

ಕಳಿಸುವ ಮುನ್ನ

ಸಂದರ್ಶನಕ್ಕೆ ಕರೆದ ಮೇಲ್ ನೀವು ಬರೆಯಬೇಕಾದವರಿಂದಲೇ ಬಂದಿದ್ದರೆ ಅದಕ್ಕೇ ಉತ್ತರವಾಗಿ ಕಳಿಸಿ, ನೀವು ಯಾರೆಂದು ಅವರು ಹುಡುಕಬೇಕಾಗಿಲ್ಲ. ಅರ್ಜಿ ಹಾಕಿದ ಮೇಲ್ ವಿಳಾಸವನ್ನೇ ಬಳಸಿ. ಸ್ವೀಕರಿಸುವವರ ವಿಳಾಸವನ್ನು ಎಲ್ಲ ಮುಗಿದ ಮೇಲೆ ತುಂಬಿಸಿ, ಆಗ ಅರ್ಧ ಬರೆದ ಮೇಲ್ ಕೈತಪ್ಪಿ ಹೋಗುವುದಿಲ್ಲ. ಹೆಸರು, ಹುದ್ದೆ, ವಾರದ ದಿನ ಈ ಮೂರನ್ನು ಟಿಪ್ಪಣಿಯ ಜೊತೆ ತಾಳೆ ನೋಡಿ. ಹೆಸರಿನ ಒಂದಕ್ಷರ ತಪ್ಪಿದರೆ, ಗಮನವಿಟ್ಟು ಕೇಳಿದ್ದೇನೆ ಎನ್ನುವ ಇಡೀ ಮೇಲ್ ಸುಳ್ಳಾಗಿ ಕಾಣುತ್ತದೆ. ಅವರು ಕೇಳದ ಹೊರತು ರೆಸ್ಯೂಮೆ, ಪ್ರಮಾಣಪತ್ರ ಯಾವುದನ್ನೂ ಲಗತ್ತಿಸಬೇಡಿ. ಕಳಿಸುತ್ತೇನೆ ಎಂದು ಒಪ್ಪಿಕೊಂಡಿದ್ದ ಕಡತವಿದ್ದರೆ ಅದು ಇದೇ ಮೇಲ್‌ನಲ್ಲಿ ಹೋಗಲಿ.

ಆಮೇಲೆ

ಹೆಚ್ಚಿನ ಸಲ ಉತ್ತರ ಬರುವುದಿಲ್ಲ, ಅದಕ್ಕೆ ಅರ್ಥ ಹುಡುಕಬೇಡಿ. ಅನೇಕ ಕಂಪನಿಗಳಲ್ಲಿ ತೀರ್ಮಾನ ಆಗುವವರೆಗೆ ಅಭ್ಯರ್ಥಿಗಳಿಗೆ ಬರೆಯದಿರುವುದೇ ವಾಡಿಕೆ. ‘ಧನ್ಯವಾದ, ತಿಳಿಸುತ್ತೇವೆ’ ಎಂಬ ಒಂದು ಸಾಲು ಬಂದರೆ ಅದಕ್ಕೆ ಮತ್ತೆ ಉತ್ತರಿಸುವ ಅಗತ್ಯವಿಲ್ಲ. ನೀವು ಎತ್ತಿದ ವಿಷಯದ ಬಗ್ಗೆಯೇ ಏನಾದರೂ ಕೇಳಿದ್ದರೆ ಮಾತ್ರ ಅದೇ ದಿನ, ಮೊದಲಿಗಿಂತ ಚಿಕ್ಕದಾಗಿ ಉತ್ತರ ಬರೆಯಿರಿ.

ವಿಚಾರಿಸುವ ಮೇಲ್ ಇದಕ್ಕಿಂತ ಬೇರೆಯದು, ಎರಡನ್ನೂ ಬೆರೆಸಬೇಡಿ. ಅವರು ಕೊಟ್ಟ ದಿನ ಕಳೆದು ಎರಡು ಮೂರು ಕೆಲಸದ ದಿನ ಆದ ಮೇಲೆ, ದಿನವನ್ನೇ ಹೇಳಿರದಿದ್ದರೆ ಸುಮಾರು ಒಂದು ವಾರ ಬಿಟ್ಟು, ಅದೇ ಮೇಲ್‌ನ ಕೆಳಗೆ ಎರಡು ಸಾಲು ಬರೆಯಿರಿ: ‘ಕಳೆದ ಶುಕ್ರವಾರದೊಳಗೆ ತಿಳಿಸುವುದಾಗಿ ಹೇಳಿದ್ದಿರಿ. ಆಯ್ಕೆಯ ಕೆಲಸ ಯಾವ ಹಂತದಲ್ಲಿದೆ ಎಂದು ತಿಳಿಸಬಹುದೇ?’ ಗೋದಾಮಿನ ವಾಪಸ್ ಸರಕಿನ ಮಾತು ಇಲ್ಲಿ ಮತ್ತೆ ಬರಬಾರದು. ಇದಕ್ಕೂ ಉತ್ತರ ಬರದಿದ್ದರೆ ಇನ್ನೊಂದು ವಾರ ಬಿಟ್ಟು ನೇಮಕಾತಿ ವಿಭಾಗಕ್ಕೆ ಒಮ್ಮೆ ಫೋನ್ ಮಾಡಿ ಕೇಳಿ, ಅಲ್ಲಿಗೆ ನಿಲ್ಲಿಸಿ.